ಕವರ್ ಲೆಟರ್‌ನಲ್ಲಿ ‘ಅನುಭವ ಇಲ್ಲ’ ಅಂತ ಶುರು ಮಾಡ್ಬೇಡಿ

ಹೋದ ವಾರ ಹೊನ್ನೂರಲ್ಲಿ ಪಕ್ಕದ ಮನೆ ಹುಡುಗ ಬಂದು, “ಅಣ್ಣ, ಈ ಕವರ್ ಲೆಟರ್ ನೋಡು. 11 ಕಡೆ ಕಳಿಸ್ದೆ, ಒಂದೂ ಉತ್ತರ ಇಲ್ಲ” ಅಂದ. ಎಲೆಕ್ಟ್ರಾನಿಕ್ಸ್‌ನಲ್ಲಿ ಬಿಇ ಈಗಷ್ಟೇ ಮುಗಿಸಿದ್ದಾನೆ. ಮೊದಲ ಸಾಲೇ “ಅನುಭವ ಇಲ್ಲ, ಆದ್ರೆ ಕಷ್ಟಪಟ್ಟು ದುಡೀತೀನಿ”. ಇದನ್ನ ಯಾರು ಬೇಕಾದ್ರೂ ಬರೀಬಹುದು.

ನಾನು ಓದಿದ್ದು ಕಾಮರ್ಸ್. ಕೊನೇ ವರ್ಷದ ಪ್ರಾಜೆಕ್ಟ್‌ನ ನನಗೆ ಅರ್ಥ ಆಗೋ ಹಾಗೆ ಹೇಳು ಅಂದೆ. ಮಣ್ಣಿನ ತೇವ ನೋಡಿ ಪಂಪ್ ಆನ್ ಮಾಡೋ ಸಾಧನ ಅದು. ಮೂರೇ ವಾರಕ್ಕೆ ರೀಡಿಂಗ್ ತಪ್ಪು ಬಂತಂತೆ. ಕಿತ್ತು ನೋಡಿದ್ರೆ ಸೆನ್ಸರ್‌ನ ಲೋಹದ ಕಾಲುಗಳು ಸವೆದುಹೋಗಿದ್ವು. ಲೋಹ ಮಣ್ಣಿಗೆ ತಾಗದ ಕೆಪಾಸಿಟಿವ್ ಸೆನ್ಸರ್ ಹಾಕಿದ, ಸರಿಹೋಯ್ತು.

ಕಂಪನಿ ಕೇಳಿದ್ದು ಹಾರ್ಡ್‌ವೇರ್ ಟೆಸ್ಟಿಂಗ್. ತಪ್ಪು ಎಲ್ಲಿದೆ ಅಂತ ಹುಡುಕಿ ಸರಿ ಮಾಡಿದ್ದು ಅದೇ ಕೆಲಸ ತಾನೇ? ಅದಕ್ಕೆ ಮೊದಲ ಪ್ಯಾರಾದಲ್ಲಿ ಹುದ್ದೆಯ ಹೆಸರು, ಜೊತೆಗೆ ಈ ಕಥೆ ಮೂರು ಸಾಲಲ್ಲಿ. ಎರಡನೇದ್ರಲ್ಲಿ, ಜಾಹೀರಾತು ಕೇಳಿದ ಯಾವ ಕೆಲಸಕ್ಕೆ ಇದು ಹೊಂದುತ್ತೆ ಅನ್ನೋದು. ಕೊನೆಗೆ, ಯಾವಾಗ ಸೇರಬಹುದು. ಅರ್ಧ ಪುಟ ಸಾಕು.

ಒಂದು ಎಚ್ಚರ: ಪ್ರಾಜೆಕ್ಟ್ ಮಾಡಿದ್ದು ನಾಲ್ಕು ಜನ. ಕೋಡ್ ಬರೆದವನು ಬೇರೆ. ಹಾಗಾಗಿ ತಾನು ಮಾಡಿದ್ದಕ್ಕೆ ಮಾತ್ರ “ನಾನು” ಅಂತ ಬರೆಸಿದೆ. ಇಂಟರ್‌ವ್ಯೂನಲ್ಲಿ ಮೊದಲು ಕೆದಕೋದು ಅದನ್ನೇ.