ತಪ್ಪಿದಾಗ ಎಲ್ಲಿಗೆ ಮರಳಬೇಕು? ಒಂದು ಡಿಎಫ್‌ಎ ಪ್ರಶ್ನೆಯ ಕಥೆ

ಇದೇ ಕಾಲೇಜಿನಲ್ಲಿ ಪಿಸಿಎಂಸಿ ಓದಿ ಹೋದವಳು ನಾನು. ಈಗ ಇಂಜಿನಿಯರಿಂಗ್ ಐದನೇ ಸೆಮಿಸ್ಟರ್. ಥಿಯರಿ ಆಫ್ ಕಂಪ್ಯುಟೇಶನ್ ಎಂಬ ವಿಷಯದ ಮೊದಲ ಇಂಟರ್ನಲ್ ಪರೀಕ್ಷೆಯಲ್ಲಿ ಹತ್ತು ಅಂಕದ ಒಂದು ಪ್ರಶ್ನೆ ಬಂದಿತ್ತು: a ಮತ್ತು b ಎಂಬ ಎರಡೇ ಅಕ್ಷರಗಳಿಂದಾದ, abab ಎಂದು ಕೊನೆಗೊಳ್ಳುವ ಎಲ್ಲ ಸ್ಟ್ರಿಂಗ್‌ಗಳನ್ನು ಸ್ವೀಕರಿಸುವ ಡಿಎಫ್‌ಎ ರಚಿಸಿ. ಐದು ನಿಮಿಷದಲ್ಲಿ ಚಿತ್ರ ಬಿಡಿಸಿ ಮುಗಿಸಿದೆ. ಬಂದದ್ದು ನಾಲ್ಕು ಅಂಕ. ಪೇಪರ್ ಹಿಡಿದುಕೊಂಡು ಸರ್ ಬಳಿ ಹೋದರೆ ಅವರು ಪೆನ್ಸಿಲ್‌ನಿಂದ ಅಂಚಿನಲ್ಲಿ abaabab ಎಂದು ಬರೆದು, "ನೋಡಮ್ಮಾ, ಇದು abab ಎಂದೇ ಮುಗಿಯುತ್ತದಲ್ಲವೇ? ನಿನ್ನ ಯಂತ್ರಕ್ಕೆ ಇದನ್ನು ಕೊಟ್ಟು ನೋಡು" ಎಂದರು. ಕೊಟ್ಟು ನೋಡಿದೆ. ನನ್ನ ಯಂತ್ರ ಅದನ್ನು ತಿರಸ್ಕರಿಸಿತು.

ಆ ತಪ್ಪು ಏನೆಂದು ಹೇಳುವ ಮೊದಲು ಯಂತ್ರದ ಪರಿಚಯ ಬೇಕು. ಡಿಎಫ್‌ಎ ಎಂದರೆ ಡಿಟರ್ಮಿನಿಸ್ಟಿಕ್ ಫೈನೈಟ್ ಆಟೊಮೇಟನ್. ಇದು ಕಾಗದದ ಮೇಲಿನ ಒಂದು ಯಂತ್ರ. ಸ್ಟ್ರಿಂಗನ್ನು ಎಡದಿಂದ ಬಲಕ್ಕೆ ಒಂದೊಂದೇ ಅಕ್ಷರವಾಗಿ ಓದುತ್ತದೆ. ಓದಿದ ಅಕ್ಷರವನ್ನು ತಿರುಗಿ ನೋಡುವಂತಿಲ್ಲ, ಎಲ್ಲಿಯೂ ಬರೆದಿಟ್ಟುಕೊಳ್ಳುವಂತಿಲ್ಲ. ತಾನೀಗ ಯಾವ ಸ್ಟೇಟ್‌ನಲ್ಲಿದ್ದೇನೆ ಎಂಬುದೊಂದೇ ಅದರ ನೆನಪು. ಸ್ಟೇಟ್‌ಗಳನ್ನು ವೃತ್ತಗಳಾಗಿ ಬಿಡಿಸುತ್ತೇವೆ. ಯಾವ ಅಕ್ಷರ ಬಂದರೆ ಎಲ್ಲಿಗೆ ಹೋಗಬೇಕು ಎಂಬುದನ್ನು ಬಾಣಗಳಿಂದ ತೋರಿಸುತ್ತೇವೆ. ಸ್ಟ್ರಿಂಗ್ ಮುಗಿದಾಗ ಯಂತ್ರವು ಎರಡು ವೃತ್ತ ಹಾಕಿದ ಫೈನಲ್ ಸ್ಟೇಟ್‌ನಲ್ಲಿ ನಿಂತಿದ್ದರೆ ಆ ಸ್ಟ್ರಿಂಗ್ ಸ್ವೀಕೃತ, ಇಲ್ಲವಾದರೆ ಅಲ್ಲ. ಡಿಟರ್ಮಿನಿಸ್ಟಿಕ್ ಎಂಬ ಪದದ ಷರತ್ತು ಇಷ್ಟೇ: ಪ್ರತಿ ಸ್ಟೇಟ್‌ನಿಂದ ಪ್ರತಿ ಅಕ್ಷರಕ್ಕೆ ಒಂದೇ ಒಂದು ಬಾಣ ಇರಬೇಕು. ಎರಡಿರಬಾರದು, ಇಲ್ಲದೆಯೂ ಇರಬಾರದು.

ನಮ್ಮ ಪ್ರಶ್ನೆಯಲ್ಲಿ ನೇರ ದಾರಿ ಸುಲಭ. ಏನೂ ಕೂಡಿಬಂದಿಲ್ಲದಾಗ q0, a ಬಂದರೆ q1, ಮೇಲೆ b ಬಂದರೆ q2, ಮತ್ತೆ a ಬಂದರೆ q3, ಮತ್ತೆ b ಬಂದರೆ q4. ಈ q4 ನಮ್ಮ ಫೈನಲ್ ಸ್ಟೇಟ್. ಇಷ್ಟನ್ನು ತರಗತಿಯಲ್ಲಿ ಎಲ್ಲರೂ ಸರಿಯಾಗಿಯೇ ಬರೆದಿದ್ದೆವು. ಆದರೆ ಐದು ಸ್ಟೇಟ್, ಎರಡು ಅಕ್ಷರ ಎಂದರೆ ಒಟ್ಟು ಹತ್ತು ಬಾಣ ಬೇಕು. ನೇರ ದಾರಿಯಲ್ಲಿ ಇರುವುದು ನಾಲ್ಕು. ಉಳಿದ ಆರು ಬಾಣಗಳು ಬಯಸಿದ ಅಕ್ಷರ ಬಾರದೆ ಇನ್ನೊಂದು ಬಂದಾಗ, ಅಥವಾ abab ಪೂರ್ತಿಯಾದ ಮೇಲೂ ಸ್ಟ್ರಿಂಗ್ ಮುಂದುವರಿದಾಗ ಬೇಕಾಗುವಂಥವು. ಅಂಕಗಳು ಇರುವುದು ಈ ಆರರಲ್ಲಿ.

ನಾನು ಮಾಡಿದ್ದು ಇಷ್ಟು: ತಪ್ಪಾಯಿತೇ, ಮೊದಲಿನಿಂದ ಶುರು ಮಾಡು ಎಂದು ಆರನ್ನೂ q0ಗೆ ತಿರುಗಿಸಿದೆ. ಸಹಜವಾದ ಯೋಚನೆ ಎಂದೇ ಈಗಲೂ ಅನಿಸುತ್ತದೆ. ಆದರೆ abaabab ಅನ್ನು ಆ ಚಿತ್ರದಲ್ಲಿ ಓಡಿಸಿ ನೋಡಿ. ಮೊದಲ ಮೂರು ಅಕ್ಷರಕ್ಕೆ q3 ತಲುಪುತ್ತೇವೆ. ನಾಲ್ಕನೆಯದು a, ಬೇಕಿದ್ದದ್ದು b. ಹಾಗಾಗಿ q0. ಮುಂದೆ b, ಇನ್ನೂ q0. ಆಮೇಲೆ a ಬಂದು q1, b ಬಂದು q2. ಸ್ಟ್ರಿಂಗ್ ಮುಗಿಯಿತು, ನಾವು q2ನಲ್ಲೇ ಉಳಿದೆವು. ಎಲ್ಲಿ ಎಡವಿತು? ಆ ನಾಲ್ಕನೇ ಅಕ್ಷರದಲ್ಲಿ. ಆ a ಹಳೆಯ ಪ್ರಯತ್ನವನ್ನು ಕೆಡಿಸಿತು ನಿಜ, ಆದರೆ ಅದೇ a ಹೊಸ ಪ್ರಯತ್ನದ ಮೊದಲ ಅಕ್ಷರವೂ ಆಗಿತ್ತು. ನಾನು ಅದನ್ನು ಬಿಸಾಡಿದ್ದೆ.

ಸರ್ ಅಂದು ಹೇಳಿಕೊಟ್ಟದ್ದು ಒಂದೇ ಕೆಲಸ: ಬಾಣ ಎಳೆಯುವ ಮೊದಲು ಪ್ರತಿ ಸ್ಟೇಟ್‌ಗೂ ಅದು ನೆನಪಿಟ್ಟುಕೊಂಡದ್ದನ್ನೇ ಹೆಸರಾಗಿ ಬರೆಯುವುದು. q0ಗೆ ಖಾಲಿ, q1ಗೆ a, q2ಗೆ ab, q3ಗೆ aba, q4ಗೆ abab. ಇದರ ಅರ್ಥ, ಇಲ್ಲಿಯವರೆಗೆ ಓದಿದ ಸ್ಟ್ರಿಂಗ್‌ನ ಬಾಲದಲ್ಲಿ abab ಎಂಬುದರ ಆರಂಭದ ಭಾಗ ಹೆಚ್ಚೆಂದರೆ ಎಷ್ಟು ಉದ್ದಕ್ಕೆ ಸಿಗುತ್ತದೋ ಅದೇ ಆ ಸ್ಟೇಟ್‌ನ ಹೆಸರು. ಹೊಸ ಅಕ್ಷರ ಬಂದಾಗ ಅದನ್ನು ಹೆಸರಿನ ಕೊನೆಗೆ ಸೇರಿಸಿ. ಸಿಕ್ಕಿದ್ದು ಯಾವುದಾದರೂ ಸ್ಟೇಟ್‌ನ ಹೆಸರೇ? ಹೌದಾದರೆ ಅಲ್ಲಿಗೆ ಹೋಗಿ. ಅಲ್ಲವಾದರೆ ಎಡಗಡೆಯಿಂದ ಒಂದಕ್ಷರ ಹೊಡೆದುಹಾಕಿ ಮತ್ತೆ ನೋಡಿ. ಕೊನೆಗೆ ಏನೂ ಉಳಿಯದಿದ್ದರೆ q0.

q3 ಅನ್ನೇ ತೆಗೆದುಕೊಳ್ಳೋಣ. ಹೆಸರು aba, ಬಂದದ್ದು a. ಸೇರಿಸಿದರೆ abaa. ಈ ಹೆಸರಿನ ಸ್ಟೇಟ್ ಇಲ್ಲ. ಒಂದು ಹೊಡೆದರೆ baa, ಇಲ್ಲ. ಇನ್ನೊಂದು ಹೊಡೆದರೆ aa, ಅದೂ ಇಲ್ಲ. ಮತ್ತೊಂದು ಹೊಡೆದರೆ a. ಇದೆ, q1. ಆದ್ದರಿಂದ q3ನಿಂದ a ಬಾಣ q1ಗೆ.

ಇನ್ನೂ ಜಾರುವ ಜಾಗ q4. ಪೂರ್ತಿ abab ಸಿಕ್ಕಿತು, ಆದರೆ ಸ್ಟ್ರಿಂಗ್ ಮುಗಿದಿಲ್ಲ, ಇನ್ನೊಂದು a ಬಂತು. q0 ತಪ್ಪೆಂದು ತಿಳಿದವರೂ ಇಲ್ಲಿ, a ಬಂದಿದೆಯಲ್ಲ, q1ಗೆ ಹೋಗೋಣ ಎನ್ನುತ್ತಾರೆ. ಲೆಕ್ಕ ಹಾಕಿ: ababa, ಇಲ್ಲ, baba, ಇಲ್ಲ, aba, ಇದೆ. ಅಂದರೆ q3. ಮೊದಲಿನ abab ಮುಗಿಯುವಷ್ಟರಲ್ಲಿ ಇನ್ನೊಂದು abab ಅದರ ಹೊಟ್ಟೆಯಲ್ಲೇ ಅರ್ಧ ಬೆಳೆದಿರುತ್ತದೆ. ababab ಎಂಬ ಸ್ಟ್ರಿಂಗ್ ಇದಕ್ಕೆ ಸಾಕ್ಷಿ: q1ಗೆ ಹೋದ ಯಂತ್ರ ಕೊನೆಗೆ q2ನಲ್ಲಿ ನಿಂತು ಅದನ್ನು ತಿರಸ್ಕರಿಸುತ್ತದೆ, q3ಗೆ ಹೋದದ್ದು ಸರಿಯಾಗಿ q4 ತಲುಪುತ್ತದೆ.

ಪೂರ್ತಿ ಓದಿದ ಸ್ಟ್ರಿಂಗ್ ಬಿಟ್ಟು ಬರೀ ಸ್ಟೇಟ್‌ನ ಹೆಸರಿಗೆ ಅಕ್ಷರ ಸೇರಿಸಿದರೆ ಸಾಕೇ, ಅದಕ್ಕೂ ಹಿಂದಿನದೇನಾದರೂ ಕೈತಪ್ಪಿ ಹೋದರೆ ಎಂದು ನಾನು ಕೇಳಿದ್ದೆ. ಹೋಗುವುದಿಲ್ಲ. ಹೊಸ ಅಕ್ಷರ ಸೇರಿದ ಮೇಲೆ ಅದಕ್ಕಿಂತ ಉದ್ದನೆಯ ಹೊಂದಿಕೆ ಇದ್ದಿದ್ದರೆ, ಅದರ ಕೊನೆಯ ಅಕ್ಷರ ತೆಗೆದ ಭಾಗವು ಹಿಂದಿನ ಹೆಜ್ಜೆಯಲ್ಲೇ ಸ್ಟೇಟ್‌ನ ಹೆಸರಿಗಿಂತ ಉದ್ದನೆಯ ಹೊಂದಿಕೆಯಾಗಿರಬೇಕಿತ್ತು. ಆದರೆ ಹೆಸರೇ ಅತಿ ಉದ್ದದ್ದು ಎಂದು ನಾವು ಇಟ್ಟುಕೊಂಡಿದ್ದೇವೆ.

ಹೀಗೆ ಹತ್ತೂ ಖಾನೆ ತುಂಬಿದರೆ ಸಿಗುವ ಕೋಷ್ಟಕ ಇದು. ಎಡಗಡೆ ಸ್ಟೇಟ್, ಬಾಣದ ಗುರುತು ಆರಂಭಕ್ಕೆ, ನಕ್ಷತ್ರ ಫೈನಲ್‌ಗೆ.

```
        a    b
->q0    q1   q0
  q1    q1   q2
  q2    q3   q0
  q3    q1   q4
 *q4    q3   q0
```

ನಾನು q0ಗೆ ತಿರುಗಿಸಿದ ಆರು ಬಾಣಗಳಲ್ಲಿ ಮೂರು ಸರಿಯೇ ಇದ್ದವು: q0, q2, q4ಗಳಲ್ಲಿ b ಬಂದಾಗ. ತಪ್ಪಿದ್ದವು q1, q3, q4ಗಳಲ್ಲಿ a ಬಂದಾಗಿನವು. ಇದು ಆಕಸ್ಮಿಕವಲ್ಲ. ನಮ್ಮ ಪದ a ಇಂದ ಶುರುವಾಗುವುದರಿಂದ, a ಬಂದ ಮೇಲೆ ಬಾಲದಲ್ಲಿ ಕನಿಷ್ಠ ಒಂದು a ಆದರೂ ಇದ್ದೇ ಇರುತ್ತದೆ. ಹಾಗಾಗಿ ಯಾವ a ಬಾಣವೂ q0ಗೆ ಹೋಗಲು ಸಾಧ್ಯವೇ ಇಲ್ಲ. ಉತ್ತರ ಪತ್ರಿಕೆ ಕೊಡುವ ಮೊದಲು a ಕಂಬಸಾಲಿನಲ್ಲಿ ಎಲ್ಲಾದರೂ q0 ಇದೆಯೇ ಎಂದು ಕಣ್ಣಾಡಿಸಿದ್ದರೆ ನನ್ನ ತಪ್ಪು ನನಗೇ ಕಾಣುತ್ತಿತ್ತು. ಜೊತೆಗೆ aabab, abaabab, ababab ಈ ಮೂರನ್ನು ಓಡಿಸಿದರೆ ಮೂರು ಜಾರುಬಾಣಗಳೂ ಒಂದೊಂದಾಗಿ ಪರೀಕ್ಷೆಗೆ ಬೀಳುತ್ತವೆ. ತಿರಸ್ಕರಿಸಬೇಕಾದದ್ದಕ್ಕೆ ababa ಮತ್ತು ababb ಸಾಕು.

ನನ್ನ ಪಕ್ಕದ ಬೆಂಚಿನ ಗೆಳತಿಯ ತಪ್ಪು ಬೇರೆ. ಅವಳು q0 ಮೇಲೆ a, b ಎರಡಕ್ಕೂ ಸುತ್ತುಬಾಣ ಹಾಕಿ, ಜೊತೆಗೆ ನೇರ ದಾರಿಯ ನಾಲ್ಕು ಬಾಣ ಮಾತ್ರ ಎಳೆದಿದ್ದಳು. ಆ ಚಿತ್ರ ಗುರುತಿಸುವುದು ಸರಿಯಾದ ಸ್ಟ್ರಿಂಗ್‌ಗಳನ್ನೇ! ಆದರೆ q0ನಿಂದ a ಗೆ ಎರಡು ಬಾಣಗಳಿವೆ, q4ನಿಂದ ಒಂದೂ ಇಲ್ಲ. ಅದು ಎನ್‌ಎಫ್‌ಎ, ಅಂದರೆ ನಾನ್‌ಡಿಟರ್ಮಿನಿಸ್ಟಿಕ್ ಜಾತಿಯದು; ಕೇಳಿದ್ದು ಡಿಎಫ್‌ಎ. ಕೋಷ್ಟಕ ಬರೆಯಲು ಕೂತಿದ್ದರೆ ಒಂದು ಖಾನೆಯಲ್ಲಿ ಎರಡು ಹೆಸರು, ಕೆಲವು ಖಾನೆ ಖಾಲಿ ಕಂಡು ಅವಳಿಗೇ ಗೊತ್ತಾಗುತ್ತಿತ್ತು. ಚಿತ್ರಕ್ಕಿಂತ ಕೋಷ್ಟಕವನ್ನು ಮೊದಲು ಬರೆಯಿರಿ ಎಂದು ನಾನು ಹೇಳುವುದು ಇದಕ್ಕೇ.

ಪ್ರಶ್ನೆಯ ಒಂದು ಪದ ಬದಲಾದರೆ ಯಂತ್ರ ಎಷ್ಟು ಬದಲಾಗುತ್ತದೆ ಎಂಬುದನ್ನೂ ನೋಡಿ. abab ಅನ್ನು ಎಲ್ಲಾದರೂ ಒಳಗೊಂಡಿರುವ ಸ್ಟ್ರಿಂಗ್ ಎಂದು ಕೇಳಿದರೆ, ಒಮ್ಮೆ ಸಿಕ್ಕ ಮೇಲೆ ಏನು ಬಂದರೂ ಚಿಂತೆಯಿಲ್ಲ; q4ನ ಎರಡೂ ಬಾಣಗಳು q4ಗೇ. ಉಳಿದ ನಾಲ್ಕು ಸಾಲು ಹಾಗೆಯೇ. abab ಎಂದು ಕೊನೆಗೊಳ್ಳದ ಎಂದು ಕೇಳಿದರೆ ಬಾಣ ಮುಟ್ಟಬೇಡಿ, q4 ಬಿಟ್ಟು ಉಳಿದೆಲ್ಲವನ್ನೂ ಫೈನಲ್ ಮಾಡಿ. abab ಎಂದು ಆರಂಭವಾಗುವ ಎಂದರೆ ಮಾತ್ರ ಕಥೆಯೇ ಬೇರೆ. ಆರಂಭ ಒಮ್ಮೆ ಕೆಟ್ಟರೆ ಕೆಟ್ಟಿತು, ಎರಡನೇ ಅವಕಾಶವಿಲ್ಲ. ತಪ್ಪಿದ ಬಾಣಗಳೆಲ್ಲ ಹೊರಬರಲಾಗದ ಒಂದು ಡೆಡ್ ಸ್ಟೇಟ್‌ಗೆ ಹೋಗಬೇಕು, ಒಟ್ಟು ಆರು ಸ್ಟೇಟ್. ಇಲ್ಲಿ ಬಾಲ ಹುಡುಕುತ್ತಾ q1ಗೆ ಮರಳಿದರೆ ಅದೇ ತಪ್ಪು.

ಬಾಲ ನೋಡಿ ಮರಳುವ ಈ ಯೋಚನೆ ಪರೀಕ್ಷೆಯ ಹೊರಗೂ ಇದೆ. 1977ರಲ್ಲಿ ಕನೂತ್, ಮಾರಿಸ್, ಪ್ರಾಟ್ ಎಂಬ ಮೂವರು ಪ್ರಕಟಿಸಿದ, ಪಠ್ಯದಲ್ಲಿ ಪದ ಹುಡುಕುವ ವಿಧಾನ ನಿಂತಿರುವುದು ಇದರ ಮೇಲೆಯೇ: ಹೊಂದಿಕೆ ತಪ್ಪಿದಾಗ ಪಠ್ಯದಲ್ಲಿ ಹಿಂದಕ್ಕೆ ಹೋಗುವುದಿಲ್ಲ, ಪದದ ಎಷ್ಟು ಭಾಗ ಈಗಾಗಲೇ ಕೈಯಲ್ಲಿದೆ ಎಂದು ಮೊದಲೇ ಸಿದ್ಧಪಡಿಸಿದ ಪಟ್ಟಿ ನೋಡಿ ಮುಂದುವರಿಯುತ್ತದೆ.

ಸೆಮಿಸ್ಟರ್ ಪರೀಕ್ಷೆಯಲ್ಲಿ ಅದೇ ಪ್ರಶ್ನೆ ಬರಲಿಲ್ಲ, ಅದರ ತಂಗಿ ಬಂತು: aabaa ಎಂದು ಕೊನೆಗೊಳ್ಳುವ ಸ್ಟ್ರಿಂಗ್‌ಗಳು. ಆರು ಸ್ಟೇಟ್, ಹನ್ನೆರಡು ಖಾನೆ. ಹೆಚ್ಚು ಹೊತ್ತು ಹಿಡಿದದ್ದು ಕೊನೆಯ ಸಾಲು. q5ನಲ್ಲಿ a ಬಂದರೆ aabaaa. ಎಡದಿಂದ ಹೊಡೆಯುತ್ತಾ ಹೋದರೆ abaaa, baaa, aaa ಯಾವುದೂ ಇಲ್ಲ, aa ಇದೆ, q2. ಅಲ್ಲೇ b ಬಂದರೆ aabaab. Abaab ಇಲ್ಲ, baab ಇಲ್ಲ, aab ಇದೆ, q3. ಪಕ್ಕದಲ್ಲಿ ಪೆನ್ಸಿಲ್‌ನಿಂದ ಈ ಹೊಡೆದುಹಾಕಿದ ಅಕ್ಷರಗಳನ್ನೂ ಹಾಗೆಯೇ ಬಿಟ್ಟು ಬಂದೆ.