ತರಕಾರಿ ಅಂಗಡಿಯ ಆದಾಯ ಗೊತ್ತಿಲ್ಲ, ಮೊಬೈಲಿನ ತೆರಿಗೆ ಗೊತ್ತು

ಸಂಬಳದಾರನ ಆದಾಯ ತೆರಿಗೆಯನ್ನು ಕಂಪನಿಯೇ ಮುರಿದುಕೊಂಡು ಸರ್ಕಾರಕ್ಕೆ ಕಟ್ಟುತ್ತದೆ. ಸಂತೆಯಲ್ಲಿ ತರಕಾರಿ ಮಾರುವವರಿಗೆ, ಗಾರೆ ಕೆಲಸದವರಿಗೆ ಹಾಗೆ ಲೆಕ್ಕ ಒಪ್ಪಿಸುವ ಮೂರನೆಯವರಿಲ್ಲ. ಭಾರತದಂಥ ದೇಶಗಳಲ್ಲಿ ದುಡಿಯುವವರಲ್ಲಿ ಇಂಥವರೇ ಹೆಚ್ಚು. ಅವರಲ್ಲಿ ಬಹುಪಾಲು ಜನರ ಗಳಿಕೆ ತೆರಿಗೆಯ ಮಿತಿಯನ್ನೂ ಮುಟ್ಟುವುದಿಲ್ಲ. ಕೃಷಿ ಆದಾಯಕ್ಕಂತೂ ಕೇಂದ್ರದ ಆದಾಯ ತೆರಿಗೆಯೇ ಇಲ್ಲ.

ಆದರೆ ಅವರೆಲ್ಲರೂ ಮೊಬೈಲ್ ಕೊಳ್ಳುತ್ತಾರೆ. ಅದರ ಮೇಲೆ ಶೇ 18 ಜಿಎಸ್‌ಟಿ ಇದೆ. ಕಾರ್ಖಾನೆ ಒಂದು ಫೋನನ್ನು ಅಂಗಡಿಗೆ 8,000 ರೂಪಾಯಿಗೆ ಮಾರಿತು ಎನ್ನೋಣ. ಆಗ 1,440 ರೂಪಾಯಿ ತೆರಿಗೆ ಸೇರಿಸಿ ವಸೂಲಿ ಮಾಡುತ್ತದೆ. ಅಂಗಡಿಯವರು ಅದನ್ನೇ 10,000ಕ್ಕೆ ಮಾರಿ, ಗಿರಾಕಿಯಿಂದ 1,800 ತೆರಿಗೆ ಪಡೆಯುತ್ತಾರೆ. ಮೊದಲೇ ತೆತ್ತ 1,440 ಕಳೆದು 360 ಮಾತ್ರ ಕಟ್ಟುತ್ತಾರೆ. ಬಿಲ್ ಕೊಡದೆ ಮಾರಿದರೂ ಸರ್ಕಾರ ಕಳೆದುಕೊಳ್ಳುವುದು ಆ 360 ಮಾತ್ರ. ಉಳಿದದ್ದು ಕಾರ್ಖಾನೆಯ ಬಾಗಿಲಲ್ಲೇ ಬಂದಾಗಿದೆ. ಲಕ್ಷಾಂತರ ಮನೆಗಳ ಆದಾಯ ಹುಡುಕುವುದಕ್ಕಿಂತ ಕೆಲವೇ ಕಾರ್ಖಾನೆ, ಬಂದರು, ತೈಲ ಕಂಪನಿಗಳ ಮೇಲೆ ಕಣ್ಣಿಡುವುದು ಸಣ್ಣ ಇಲಾಖೆಗೂ ಸಾಧ್ಯ.

ಇದರ ಬೆಲೆ ತೆರುವವರು ಬಡವರು ಎಂಬುದೇ ನನ್ನ ತಕರಾರು. ಆ 1,800 ರೂಪಾಯಿ, ತಿಂಗಳಿಗೆ 15,000 ಗಳಿಸುವವಳ ಸಂಪಾದನೆಯ ಶೇ 12. ಒಂದೂವರೆ ಲಕ್ಷ ಗಳಿಸುವವನಿಗೆ ಶೇ 1.2. ಅಕ್ಕಿ, ತರಕಾರಿ, ಹಾಲನ್ನು ಬಿಡಿಯಾಗಿ ಕೊಂಡರೆ ಜಿಎಸ್‌ಟಿ ಇಲ್ಲದಿರುವುದರಿಂದ ಈ ಭಾರ ತುಸು ಇಳಿಯುತ್ತದೆ, ಪೂರ್ತಿ ಅಲ್ಲ.