ಷೇರುಪೇಟೆ ಪಾಠದ ವಿಡಿಯೊಗೆ ಶೀರ್ಷಿಕೆ, ವಿವರಣೆ ಬರೆಯುವ ಬಗೆ

ಯೂಟ್ಯೂಬ್ ವಿಡಿಯೊದ ಶೀರ್ಷಿಕೆ, ವಿವರಣೆ, ಅಧ್ಯಾಯಗಳ ಪಟ್ಟಿ, ಟ್ಯಾಗ್ ಮತ್ತು ಥಂಬ್‌ನೇಲ್ ಇವೆಲ್ಲ ಸೇರಿ ಅದರ ಮೆಟಾಡೇಟಾ. ಷೇರುಪೇಟೆಯ ಪಾಠ ಹೇಳುವ ವಿಡಿಯೊಗಳಲ್ಲಿ ಈ ಭಾಗಕ್ಕೆ ವಿಶೇಷ ಎಚ್ಚರ ಬೇಕು. ವಿಡಿಯೊ ನೋಡುವವರಿಗಿಂತ ಶೀರ್ಷಿಕೆಯನ್ನಷ್ಟೇ ಓದಿ ಮುಂದೆ ಹೋಗುವವರು ಹೆಚ್ಚು. ಒಳಗೆ ಎಷ್ಟೇ ಸಮತೋಲನದ ಪಾಠವಿದ್ದರೂ ಹೊರಗೆ ‘ಹಣ ದುಪ್ಪಟ್ಟು’ ಎಂದು ಬರೆದಿದ್ದರೆ, ಆ ಓದುಗರ ಪಾಲಿಗೆ ಉಳಿಯುವುದು ಆ ಎರಡು ಪದ ಮಾತ್ರ.

ಇದಕ್ಕೆ ಕಾನೂನಿನ ಹಿನ್ನೆಲೆಯೂ ಇದೆ. ಪ್ರತಿಫಲ ಪಡೆದು ಹೂಡಿಕೆಯ ಸಲಹೆ ಕೊಡುವವರು ಸೆಬಿಯ 2013ರ ಹೂಡಿಕೆ ಸಲಹೆಗಾರರ ನಿಯಮಗಳಡಿ, ಷೇರುಗಳ ಬಗ್ಗೆ ಶಿಫಾರಸು ಪ್ರಕಟಿಸುವವರು 2014ರ ಸಂಶೋಧನಾ ವಿಶ್ಲೇಷಕರ ನಿಯಮಗಳಡಿ ನೋಂದಣಿ ಮಾಡಿಸಿಕೊಳ್ಳಬೇಕು. ನೋಂದಣಿಯಿಲ್ಲದೆ ಸಲಹೆ ಕೊಡುವವರ ಅಥವಾ ಇಂತಿಷ್ಟು ಲಾಭ ಸಿಗುತ್ತದೆ ಎಂದು ಹೇಳಿಕೊಳ್ಳುವವರ ಜೊತೆ ಬ್ರೋಕರ್‌ಗಳಂಥ ನಿಯಂತ್ರಿತ ಸಂಸ್ಥೆಗಳು ನಂಟು ಇಟ್ಟುಕೊಳ್ಳುವಂತಿಲ್ಲ ಎಂದು 2024ರಲ್ಲಿ ಸೆಬಿ ನಿಯಮ ಮಾಡಿತು. ಶಿಕ್ಷಣವನ್ನಷ್ಟೇ ಕೊಡುವವರಿಗೆ ಇದರಿಂದ ವಿನಾಯಿತಿ ಇದೆ. ಆದರೆ ಯಾವುದು ಶಿಕ್ಷಣ ಎಂಬುದನ್ನು 2025ರ ಜನವರಿಯ ಸುತ್ತೋಲೆ ಬಿಗಿಗೊಳಿಸಿತು. ಕಳೆದ ಮೂರು ತಿಂಗಳ ಬೆಲೆಯ ಮಾಹಿತಿ ಬಳಸಿ, ಯಾವುದೇ ಷೇರಿನ ಹೆಸರನ್ನು ಅಥವಾ ಅದರ ಸಂಕೇತನಾಮವನ್ನು ಮಾತಿನಲ್ಲೋ ವಿಡಿಯೊದಲ್ಲೋ ತೋರಿಸಿ ಮುಂದಿನ ಬೆಲೆಯನ್ನು ಸೂಚಿಸಿದರೆ ಅದು ಬರಿಯ ಶಿಕ್ಷಣವಲ್ಲ ಎಂದು ಆ ಸುತ್ತೋಲೆ ಹೇಳಿತು. ‘ಇದು ಶೈಕ್ಷಣಿಕ ಉದ್ದೇಶಕ್ಕೆ ಮಾತ್ರ’ ಎಂಬ ಒಂದು ಸಾಲು ಸೇರಿಸಿದರೆ ಎಲ್ಲವೂ ಸರಿಹೋಗುತ್ತದೆ ಎಂಬ ನಂಬಿಕೆ ಇಲ್ಲಿ ನಿಲ್ಲುವುದಿಲ್ಲ. ಪಾಠದ ಹೆಸರಿನಲ್ಲಿ ಶಿಫಾರಸು ಕೊಟ್ಟವರ ಮೇಲೆ ಸೆಬಿ ಕ್ರಮ ಕೈಗೊಂಡ ಉದಾಹರಣೆಗಳಿವೆ.

ಒಂದು ಸಾಮಾನ್ಯ ವಿಡಿಯೊವನ್ನು ಎತ್ತಿಕೊಂಡು ನೋಡಬಹುದು. ಅದು ಹನ್ನೆರಡು ನಿಮಿಷದ್ದು. ಷೇರು ಎಂದರೇನು, ಡಿಮ್ಯಾಟ್ ಖಾತೆ ಏಕೆ ಬೇಕು, ಖರೀದಿಯ ಆರ್ಡರ್ ಹಾಕಿದ ಮೇಲೆ ಏನಾಗುತ್ತದೆ, ಬೆಲೆ ಏಕೆ ಇಳಿಯುತ್ತದೆ ಎಂಬುದಷ್ಟೇ ಅದರ ವಿಷಯ. ಮೊದಲ ಕರಡಿನಲ್ಲಿ ಶೀರ್ಷಿಕೆ ಹೀಗಿದೆ: ‘ಇವತ್ತೇ ಷೇರು ಕೊಳ್ಳಿ, ತಿಂಗಳಿಗೆ ₹10,000 ಗಳಿಸಿ’. ಇದರಲ್ಲಿ ಮೂರು ದೋಷಗಳಿವೆ. ‘ಕೊಳ್ಳಿ’ ಎಂಬ ಆಜ್ಞೆ ಪಾಠವನ್ನು ಸಲಹೆಯಾಗಿಸುತ್ತದೆ. ‘ಇವತ್ತೇ’ ಎಂಬುದು ಅವಸರ ಹುಟ್ಟಿಸುತ್ತದೆ. ಮೊತ್ತದ ಉಲ್ಲೇಖವಂತೂ ನೇರವಾಗಿ ಲಾಭದ ಭರವಸೆ. ‘ಗಳಿಸಿ’ ಎಂಬುದನ್ನು ‘ಗಳಿಸಬಹುದು’ ಎಂದು ತಿದ್ದಿದರೂ ದೋಷ ಹೋಗದು; ಓದುವವರ ಕಣ್ಣು ಸಂಖ್ಯೆಯ ಮೇಲೆ ನಿಲ್ಲುತ್ತದೆ, ‘ಬಹುದು’ವಿನ ಮೇಲಲ್ಲ.

ಎರಡನೆಯ ಕರಡು ಒಳ್ಳೆಯ ಉದ್ದೇಶದ್ದು: ‘ಷೇರುಪೇಟೆಯಲ್ಲಿ ಲಾಭ ಗಳಿಸುವುದು ಹೇಗೆ ಮತ್ತು ನಷ್ಟ ಏಕೆ ಆಗುತ್ತದೆ’. ಇದರ ತೊಂದರೆ ಪದಗಳ ಕ್ರಮದಲ್ಲಿದೆ. ಯೂಟ್ಯೂಬ್ ಶೀರ್ಷಿಕೆಗೆ 100 ಅಕ್ಷರಗಳ ಅವಕಾಶವಿದ್ದರೂ ಮೊಬೈಲ್ ಪರದೆಯಲ್ಲಿ ಉದ್ದನೆಯ ಶೀರ್ಷಿಕೆಯ ಕೊನೆ ಕತ್ತರಿಸಿಹೋಗುತ್ತದೆ. ಆಗ ನಷ್ಟದ ಮಾತು ಮರೆಯಾಗಿ ಲಾಭದ ಅರ್ಧ ಮಾತ್ರ ಕಾಣುತ್ತದೆ. ಸರಿಯಾದ ಶೀರ್ಷಿಕೆ ಚಿಕ್ಕದಾಗಿದ್ದು, ವಿಡಿಯೊದಲ್ಲಿ ನಿಜವಾಗಿ ಇರುವುದನ್ನು ಮೊದಲು ಹೇಳುತ್ತದೆ: ‘ಷೇರು ಎಂದರೇನು? ಖರೀದಿ ಹೇಗೆ ನಡೆಯುತ್ತದೆ?’ ಆಕರ್ಷಣೆ ಇಲ್ಲವೆಂದು ಇದನ್ನು ತಳ್ಳಿಹಾಕುವುದು ತಪ್ಪು. ಹೊಸಬರು ಹುಡುಕುವಾಗ ಟೈಪ್ ಮಾಡುವುದು ಬಹುಮಟ್ಟಿಗೆ ಇಂಥ ಪ್ರಶ್ನೆಗಳನ್ನೇ.

ಇನ್ನೂ ನವಿರಾದ ಭರವಸೆಯೊಂದು ಹಳೆಯ ಅಂಕಿಗಳ ವೇಷದಲ್ಲಿ ಬರುತ್ತದೆ. ಸೆನ್ಸೆಕ್ಸ್ 2008ರ ಜನವರಿಯಲ್ಲಿ 21,000 ದಾಟಿತ್ತು. 2009ರ ಮಾರ್ಚ್ ಹೊತ್ತಿಗೆ ಸುಮಾರು 8,000ಕ್ಕೆ ಕುಸಿಯಿತು. 2013ರ ಕೊನೆಗೆ ಮತ್ತೆ 21,000ದ ಆಸುಪಾಸಿಗೆ ಬಂತು. ಲೆಕ್ಕವನ್ನು 2009ರ ಮಾರ್ಚ್‌ನಿಂದ ಶುರುಮಾಡಿದರೆ ಐದು ವರ್ಷದೊಳಗೆ ಹಣ ಎರಡೂವರೆ ಪಟ್ಟಾದಂತೆ ಕಾಣುತ್ತದೆ. 2008ರ ಜನವರಿಯಿಂದ ಶುರುಮಾಡಿದರೆ ಡಿವಿಡೆಂಡ್ ಬಿಟ್ಟು ಆರು ವರ್ಷಕ್ಕೆ ಹೆಚ್ಚುಕಡಿಮೆ ಏನೂ ಇಲ್ಲ. ಎರಡೂ ಲೆಕ್ಕಗಳಲ್ಲಿ ಅಂಕಿಗಳು ಸರಿಯಾಗಿಯೇ ಇವೆ. ಮೊದಲನೆಯದನ್ನು ಮಾತ್ರ ಥಂಬ್‌ನೇಲ್‌ಗೆ ಏರಿಸಿದರೆ ಓದುಗರಿಗೆ ಮೋಸವಾಗುತ್ತದೆ. ಶತಮಾನ, ದಶಕದ ಸರಾಸರಿಯ ಮಾತು ಬೇಕಿದ್ದರೆ ಅದಕ್ಕೆ ಜಾಗ ವಿಡಿಯೊದ ಒಳಗಿದೆ, ಅವಧಿಯನ್ನೂ ಕುಸಿತವನ್ನೂ ಜೊತೆಯಲ್ಲೇ ಹೇಳಿ. ಶೀರ್ಷಿಕೆಯಲ್ಲಿ ಅದಕ್ಕೆ ಎಡೆಯಿಲ್ಲ.

ವಿವರಣೆಗೆ 5,000 ಅಕ್ಷರಗಳ ಅವಕಾಶವಿದ್ದರೂ, ಬಿಚ್ಚಿ ನೋಡದವರಿಗೆ ಕಾಣುವುದು ಮೊದಲ ಒಂದೆರಡು ಸಾಲು. ಎಚ್ಚರಿಕೆಯನ್ನು ಕೊನೆಯಲ್ಲಿ ಹುಗಿದಿಡದೆ ಅಲ್ಲೇ ಇಡಬೇಕು; ಅದೂ ಸಾಮಾನ್ಯ ಮಾತಿನಲ್ಲಿ. ಈ ವಿಡಿಯೊಗೆ ಒಪ್ಪುವ ವಿವರಣೆ ಹೀಗಿರಬಹುದು:

```
ಷೇರು, ಡಿಮ್ಯಾಟ್ ಖಾತೆ, ಖರೀದಿಯ ಹಂತಗಳ ಪರಿಚಯ.
ಯಾವ ಷೇರು ಕೊಳ್ಳಬೇಕೆಂದು ಇಲ್ಲಿ ಹೇಳಿಲ್ಲ.
ಷೇರಿನಲ್ಲಿ ಹಾಕಿದ ಹಣ ಕಳೆದುಹೋಗಲೂಬಹುದು.

00:00 ಷೇರು ಎಂದರೇನು
02:40 ಡಿಮ್ಯಾಟ್ ಖಾತೆ ಮತ್ತು ಬ್ರೋಕರ್
05:15 ಆರ್ಡರ್ ಹಾಕಿದ ಮೇಲೆ ಏನಾಗುತ್ತದೆ
08:30 ಬೆಲೆ ಏಕೆ ಇಳಿಯುತ್ತದೆ
```

ಅಧ್ಯಾಯಗಳು ಪರದೆಯಲ್ಲಿ ಮೂಡಬೇಕಾದರೆ ಮೊದಲ ಸಮಯ `00:00` ಆಗಿರಬೇಕು, ಕನಿಷ್ಠ ಮೂರು ಸಮಯಗಳು ಏರಿಕೆಯ ಕ್ರಮದಲ್ಲಿರಬೇಕು, ಪ್ರತಿ ಭಾಗವೂ ಹತ್ತು ಸೆಕೆಂಡಿಗೆ ಕಡಿಮೆಯಿರಬಾರದು. ಇಲ್ಲಿ ಮೂರೂ ಷರತ್ತುಗಳು ಪಾಲನೆಯಾಗಿವೆ. ನಷ್ಟದ ವಿಷಯಕ್ಕೆ ತನ್ನದೇ ಅಧ್ಯಾಯ ಸಿಕ್ಕಿರುವುದು ಮುಖ್ಯ. ಅದು ಎಚ್ಚರಿಕೆಯ ಸಾಲನ್ನು ಪಾಠದ ಭಾಗವಾಗಿಸುತ್ತದೆ.

ವಿವರಣೆಯ ಕೊಂಡಿಗಳೂ ಮಾತಾಡುತ್ತವೆ. ‘ದಿನದ ಕಾಲ್‌ಗಳಿಗೆ ಟೆಲಿಗ್ರಾಂ ಗುಂಪಿಗೆ ಸೇರಿ’ ಎಂಬ ಒಂದೇ ಸಾಲು ಮೇಲಿನ ಎಚ್ಚರಿಕೆಯನ್ನೆಲ್ಲ ಅಳಿಸಿಹಾಕುತ್ತದೆ. ವಿಡಿಯೊ ಪಾಠವಾಗಿ ಉಳಿಯದೆ ಟಿಪ್ಸ್ ಮಾರುವ ಬಾಗಿಲಾಗುತ್ತದೆ. ಡಿಮ್ಯಾಟ್ ಖಾತೆ ತೆರೆಯುವ ಕೊಂಡಿಯಿಂದ ಚಾನೆಲ್‌ಗೆ ಹಣ ಬರುವುದಾದರೆ ಅದನ್ನು ಕೊಂಡಿಯ ಪಕ್ಕದಲ್ಲೇ ಬರೆಯಬೇಕು. ವಿಡಿಯೊದೊಳಗೆ ಹಣ ಪಡೆದ ಪ್ರಚಾರವಿದ್ದರೆ ಯೂಟ್ಯೂಬ್ ಅದಕ್ಕೆಂದೇ ಇಟ್ಟಿರುವ ಆಯ್ಕೆಯನ್ನೂ ಗುರುತಿಸಬೇಕು.

ಟ್ಯಾಗ್‌ಗಳ ವಿಷಯದಲ್ಲಿ ಹೆಚ್ಚು ತಲೆಕೆಡಿಸಿಕೊಳ್ಳಬೇಕಿಲ್ಲ. ವಿಡಿಯೊ ಸಿಗುವುದರಲ್ಲಿ ಅವುಗಳ ಪಾತ್ರ ಚಿಕ್ಕದೆಂದು ಯೂಟ್ಯೂಬ್ ಹೇಳುತ್ತದೆ. ಜನ ಬೇರೆಬೇರೆ ಕಾಗುಣಿತದಲ್ಲಿ ಬರೆಯುವ ‘ಷೇರು’, ‘ಶೇರು’, ‘ಶೇರ್ ಮಾರ್ಕೆಟ್’ ಇಂಥವಕ್ಕೆ ಅವು ಉಪಯುಕ್ತ. ಆದರೆ ‘ಮಲ್ಟಿಬ್ಯಾಗರ್’, ‘ಟಾರ್ಗೆಟ್’, ‘ಜಾಕ್‌ಪಾಟ್’ ಎಂಬ ಟ್ಯಾಗ್‌ಗಳು ಅಥವಾ ವಿಡಿಯೊದಲ್ಲಿ ಬಾರದ ಕಂಪನಿಗಳ ಹೆಸರು ಸೇರಿಸಿದರೆ ಎರಡು ಕೆಡುಕು: ದಾರಿತಪ್ಪಿಸುವ ಮೆಟಾಡೇಟಾ ಯೂಟ್ಯೂಬ್‌ನ ನಿಯಮಕ್ಕೆ ವಿರುದ್ಧ, ಜೊತೆಗೆ ಟಿಪ್ಸ್ ಹುಡುಕುವವರೇ ವಿಡಿಯೊಗೆ ಬರುತ್ತಾರೆ. ಥಂಬ್‌ನೇಲ್‌ನಲ್ಲಿ ಮೇಲೇರುವ ಹಸಿರು ಬಾಣ, ನೋಟಿನ ಕಂತೆ, ನಿಜ ಕಂಪನಿಯ ಲೋಗೊ ಇವೂ ಮಾತಿಲ್ಲದ ಶಿಫಾರಸುಗಳೇ. ಆರ್ಡರ್ ಪರದೆಯ ಚಿತ್ರ ಬೇಕಿದ್ದರೆ ಕಲ್ಪಿತ ಕಂಪನಿಯ ಹೆಸರು ಹಾಕಿ ಬಿಡಿಸಬಹುದು.

ಪ್ರಕಟಿಸುವ ಮುನ್ನ ಒಂದು ಸರಳ ಪರೀಕ್ಷೆ ಮಾಡಬಹುದು. ಶೀರ್ಷಿಕೆ, ಥಂಬ್‌ನೇಲ್ ಮತ್ತು ವಿವರಣೆಯ ಮೊದಲ ಎರಡು ಸಾಲನ್ನಷ್ಟೇ, ಪೇಟೆ ಗೊತ್ತಿಲ್ಲದವರೊಬ್ಬರಿಗೆ ಮೊಬೈಲ್‌ನಲ್ಲಿ ತೋರಿಸಿ, ‘ಇದರಲ್ಲಿ ಏನು ಸಿಗುತ್ತದೆ?’ ಎಂದು ಕೇಳಬೇಕು. ‘ಷೇರು ಹೇಗೆ ಕೊಳ್ಳುತ್ತಾರೆಂದು ತಿಳಿಯುತ್ತದೆ’ ಎಂದರೆ ಸರಿ. ‘ಯಾವುದನ್ನು ಕೊಳ್ಳಬೇಕೆಂದು ತಿಳಿಯುತ್ತದೆ’ ಎಂದರೆ, ಅಥವಾ ಉತ್ತರದಲ್ಲಿ ಮೊತ್ತವೊಂದು ಬಂದರೆ, ಬರೆದದ್ದನ್ನು ತಿದ್ದಬೇಕು.

ಪ್ರಕಟವಾದ ಮೇಲೂ ಮೆಟಾಡೇಟಾ ಹಳೆಯದಾಗುತ್ತದೆ. ಭಾರತದಲ್ಲಿ ಷೇರು ವ್ಯವಹಾರದ ಇತ್ಯರ್ಥ ಎರಡು ದಿನದಿಂದ ಒಂದು ದಿನಕ್ಕೆ ಇಳಿಯುವ ಬದಲಾವಣೆ 2023ರ ಜನವರಿಯಲ್ಲಿ ಪೂರ್ಣಗೊಂಡಿತು. ಅದಕ್ಕಿಂತ ಹಿಂದಿನ ವಿಡಿಯೊಗಳಲ್ಲಿ ‘ಎರಡು ದಿನ ಕಾಯಬೇಕು’ ಎಂಬ ಮಾತು ಇನ್ನೂ ಉಳಿದಿರುತ್ತದೆ. ವಿಡಿಯೊವನ್ನು ಮತ್ತೆ ಚಿತ್ರೀಕರಿಸಲಾಗದಿದ್ದರೂ ವಿವರಣೆಯ ಮೊದಲ ಸಾಲಿನಲ್ಲಿ ತಿದ್ದುಪಡಿಯನ್ನೂ ಅದರ ದಿನಾಂಕವನ್ನೂ ಬರೆಯಬಹುದು.